ಹತ್ತು ಬೈ ಹತ್ತರ ಹಾಲ್‌ಗೆ ಎಷ್ಟು ಇಂಚಿನ ಟಿವಿ?

[ದೃಶ್ಯ: ಚಿಕ್ಕ ಹಾಲ್. ಒಂದು ಗೋಡೆಗೆ ಸೋಫಾ, ಎದುರಿಗೆ ಹಳೆಯ ಶೋಕೇಸ್. ನಿರೂಪಕರ ಕೈಯಲ್ಲಿ ಅಳತೆಯ ಟೇಪು.]

ನಮಸ್ಕಾರ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹಾಲ್ ಇದು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇಂಥ ಹಾಲ್‌ಗಳು ಬೀದಿಗೆ ಹತ್ತು ಸಿಗುತ್ತವೆ. ಇಲ್ಲಿಗೆ 43 ಇಂಚಿನ ಟಿವಿ ಸಾಕೇ, ಇಲ್ಲ 55 ಇಂಚಿನದು ಬೇಕೇ? ಅಂಗಡಿಗೆ ಹೋದರೆ ‘ದೊಡ್ಡದನ್ನೇ ತೆಗೆದುಕೊಳ್ಳಿ ಸರ್, ಆಮೇಲೆ ಚಿಕ್ಕದಾಯಿತು ಅನ್ನಿಸುತ್ತದೆ’ ಎನ್ನುತ್ತಾರೆ. ಮನೆಗೆ ಬಂದರೆ ಅಮ್ಮ ‘ಈ ಗೂಡಿಗೆ ಸಿನಿಮಾ ಪರದೆ ಬೇರೆ ಕೇಡು’ ಎನ್ನುತ್ತಾರೆ. ಇಬ್ಬರೂ ಟೇಪು ಹಿಡಿದು ಮಾತನಾಡುತ್ತಿಲ್ಲ. ನಾವು ಹಿಡಿಯೋಣ.

[ದೃಶ್ಯ: ಟೇಪಿನ ಒಂದು ತುದಿ ಸೋಫಾದಲ್ಲಿ ಕುಳಿತವರ ಕಣ್ಣಿನ ಪಕ್ಕ, ಇನ್ನೊಂದು ತುದಿ ಟಿವಿಯ ಗಾಜಿನ ಹತ್ತಿರ.]

ಅಳೆಯಬೇಕಾದದ್ದು ಗೋಡೆಯಿಂದ ಗೋಡೆಗಲ್ಲ, ಕಣ್ಣಿನಿಂದ ಪರದೆಗೆ. ಹತ್ತು ಅಡಿ ಎಂದರೆ 305 ಸೆಂಟಿಮೀಟರ್. ಸೋಫಾದ ಬೆನ್ನು, ಅದಕ್ಕೆ ಒರಗಿದ ನಮ್ಮ ಬೆನ್ನು, ತಲೆ, ಎಲ್ಲ ಸೇರಿ ಕಣ್ಣು ಗೋಡೆಯಿಂದ ಸುಮಾರು 60 ಸೆಂಟಿಮೀಟರ್ ಮುಂದೆ ಇರುತ್ತದೆ. ಆಚೆ ಕಡೆ ಶೋಕೇಸಿನ ಮೇಲೆ ಕಾಲೂರಿ ನಿಂತ ಟಿವಿಯ ಪರದೆ ಗೋಡೆಯಿಂದ 25 ಸೆಂಟಿಮೀಟರ್ ಈಚೆ ಇರುತ್ತದೆ. ಉಳಿದದ್ದು 220. ಅಂದರೆ ಹತ್ತು ಅಡಿಯ ಕೋಣೆಯಲ್ಲಿ ನೋಡುವ ದೂರ ಏಳು ಅಡಿ ಚಿಲ್ಲರೆ ಅಷ್ಟೇ. ಗೋಡೆಗೆ ಬ್ರಾಕೆಟ್ ಹಾಕಿ ತೂಗಿಸಿದರೆ ಇನ್ನೊಂದು 15 ಸೆಂಟಿಮೀಟರ್ ಗಳಿಸಬಹುದು. ನಾವು 220 ಎಂದೇ ಇಟ್ಟುಕೊಳ್ಳೋಣ.

ಈಗ ಟಿವಿಯ ಡಬ್ಬ ನೋಡಿ. ಅದರ ಮೇಲೆ ಅಳತೆ ಸೆಂಟಿಮೀಟರಿನಲ್ಲಿಯೂ ಇರುತ್ತದೆ. 43 ಇಂಚಿನದಕ್ಕೆ 108, 55 ಇಂಚಿನದಕ್ಕೆ 138 ಅಥವಾ 139, 32 ಇಂಚಿನದಕ್ಕೆ 80. ಇದು ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಕರ್ಣದ ಅಳತೆ. 43 ಇಂಚನ್ನು 2.54ರಿಂದ ಗುಣಿಸಿದರೆ 109 ಬರಬೇಕಲ್ಲ ಎಂದು ಯಾರಾದರೂ ಕೇಳಿದರೆ, ಅವರ ಲೆಕ್ಕ ಸರಿ. 43 ಎಂದು ಕರೆಯುವ ಪರದೆ ನಿಜದಲ್ಲಿ ಸುಮಾರು 42.5 ಇಂಚು. ಹಾಗಾಗಿ ನಮ್ಮ ಲೆಕ್ಕಕ್ಕೆ ಸೆಂಟಿಮೀಟರನ್ನೇ ನಂಬುವುದು ಒಳ್ಳೆಯದು.

ನೆನಪಿಡಬೇಕಾದ ಮೊದಲ ಸಂಖ್ಯೆ 1.6. ಕರ್ಣದ 1.6 ಪಟ್ಟು ದೂರದಲ್ಲಿ ಕುಳಿತರೆ ಪರದೆ ನಮ್ಮ ದೃಷ್ಟಿಯಲ್ಲಿ ಅಡ್ಡಲಾಗಿ ಸುಮಾರು 30 ಡಿಗ್ರಿ ತುಂಬುತ್ತದೆ. ಮನೆಯಲ್ಲಿ ಸಿನಿಮಾ ನೋಡಲು ಹಿತವಾದ ಅಳತೆ ಎಂದು ಬಹುಕಾಲದಿಂದ ಬಳಕೆಯಲ್ಲಿರುವ ಸಲಹೆ ಇದು. ನಮ್ಮ 220ನ್ನು 1.6ರಿಂದ ಭಾಗಿಸಿದರೆ 137.5. ಅಂದರೆ 55 ಇಂಚು! ಅಂಗಡಿಯವರೇ ಗೆದ್ದರು ಎಂದು ಈಗಲೇ ತೀರ್ಮಾನಿಸಬೇಡಿ. ಪರದೆಯ ಗಾತ್ರ ಹೊಂದಿತು, ಅದರೊಳಗಿನ ಚಿತ್ರ ಹೊಂದುತ್ತದೆಯೇ ಎಂಬುದು ಬಾಕಿ ಇದೆ.

[ದೃಶ್ಯ: ಕಣ್ಣಿನ ಆಸ್ಪತ್ರೆಯಲ್ಲಿ ತೂಗುಹಾಕುವಂಥ ಅಕ್ಷರಗಳ ಫಲಕ.]

ಕಣ್ಣಿನ ವೈದ್ಯರು ಆರು ಮೀಟರ್ ದೂರದ ಫಲಕವನ್ನು ಓದಿಸುತ್ತಾರೆ. ‘6/6’ ಎಂಬ ಸಾಲಿನ ಅಕ್ಷರ ಹೆಚ್ಚುಕಡಿಮೆ 9 ಮಿಲಿಮೀಟರ್ ಎತ್ತರ. ಅದರ ಒಂದೊಂದು ಗೆರೆಯ ದಪ್ಪ 1.7 ಮಿಲಿಮೀಟರಿನಷ್ಟು. ಅಷ್ಟು ದೂರದಿಂದ ಆ ಗೆರೆ ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಸಾಧಾರಣ ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಸೂಕ್ಷ್ಮತೆಯನ್ನು ಇದರಿಂದಲೇ ಅಳೆಯುತ್ತಾರೆ. ಟಿವಿಯ ಒಂದು ಪಿಕ್ಸೆಲ್ ಇದಕ್ಕಿಂತ ಚಿಕ್ಕದಾಗಿ ಕಂಡರೆ ಚುಕ್ಕಿಗಳು ಬೆರೆತು ನುಣುಪಾದ ಚಿತ್ರವಾಗುತ್ತವೆ. ದೊಡ್ಡದಾಗಿ ಕಂಡರೆ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣತೊಡಗುತ್ತವೆ.

ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920 ಪಿಕ್ಸೆಲ್‌ಗಳು. 108 ಸೆಂಟಿಮೀಟರಿನ ಟಿವಿಯ ಅಗಲ 94 ಸೆಂಟಿಮೀಟರ್. ಭಾಗಿಸಿದರೆ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರಿಗೆ ಬರುತ್ತದೆ. ಇದು ಕಣ್ಣಿನ ಮಿತಿಯನ್ನು ಮುಟ್ಟುವುದು ಸುಮಾರು 170 ಸೆಂಟಿಮೀಟರ್ ದೂರದಲ್ಲಿ. ಅದೂ ಕರ್ಣದ 1.6 ಪಟ್ಟಿನ ಆಸುಪಾಸೇ! 4ಕೆ ಪರದೆಯಲ್ಲಿ ಪಿಕ್ಸೆಲ್ಲಿನ ಅಗಲ ಅರ್ಧವಾಗುವುದರಿಂದ ಈ ದೂರವೂ ಅರ್ಧವಾಗಿ 0.8 ಪಟ್ಟಿಗೆ ಇಳಿಯುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ನಾವು ಕುಳಿತಿರುವುದು 220ರಲ್ಲಿ. 43 ಇಂಚಿನ ಫುಲ್ ಎಚ್‌ಡಿ ಟಿವಿ 170ರಿಂದಲೇ ನುಣುಪಾಗಿ ಕಾಣುತ್ತದೆ. ಹಾಗಿದ್ದ ಮೇಲೆ ಅದೇ 43 ಇಂಚಿನಲ್ಲಿ 4ಕೆ ತೆಗೆದುಕೊಂಡರೆ, ಹೆಚ್ಚಿನ ಪಿಕ್ಸೆಲ್‌ಗಳು ಪರದೆಯ ಮೇಲೆ ಇರುತ್ತವೆಯೇ ಹೊರತು ಸೋಫಾದವರೆಗೆ ಬರುವುದಿಲ್ಲ. ಕಣ್ಣು ತುಂಬಾ ಚುರುಕಾಗಿರುವವರಿಗೆ ಅಲ್ಪಸ್ವಲ್ಪ ವ್ಯತ್ಯಾಸ ಕಾಣಬಹುದು, ಏಕೆಂದರೆ 6/6ಕ್ಕಿಂತ ಚೆನ್ನಾಗಿ ಓದುವವರೂ ಇದ್ದಾರೆ. 4ಕೆ ಮಾದರಿಗಳಲ್ಲಿ ಬಣ್ಣ, ಬೆಳಕು ಮೇಲಾಗಿದ್ದರೆ ಆ ಕಾರಣಕ್ಕೆ ಕೊಳ್ಳಿ. ಬರೀ ಸ್ಪಷ್ಟತೆಗಾಗಿ ಈ ದೂರದಲ್ಲಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. 55ಕ್ಕೆ ಹೋದರೆ ನಾವು ಸರಿಯಾಗಿ ಗಡಿಯ ಮೇಲೆ ಕುಳಿತಂತೆ. ಅಲ್ಲಿ 4ಕೆಯನ್ನೇ ಆರಿಸುವುದು ಸರಿ. 65ಕ್ಕೆ ಹೋದರೆ 4ಕೆ ಇಲ್ಲದೆ ನಡೆಯುವುದೇ ಇಲ್ಲ.

[ದೃಶ್ಯ: ಟಿವಿ ಪರದೆಯ ಕೆಳಭಾಗದಲ್ಲಿ ಹರಿಯುವ ಸುದ್ದಿಪಟ್ಟಿ. ಕ್ಯಾಮೆರಾ ಅಕ್ಷರಗಳ ಹತ್ತಿರ ಹೋಗುತ್ತದೆ.]

ಇಲ್ಲಿಯವರೆಗೆ ಮಾತನಾಡಿದ್ದು ಪರದೆಯ ಪಿಕ್ಸೆಲ್ ಬಗ್ಗೆ. ಆದರೆ ಪರದೆ ತೋರಿಸುವುದು ಒಳಗೆ ಬಂದದ್ದನ್ನೇ ಅಲ್ಲವೇ? ಕೇಬಲ್ ಅಥವಾ ಡಿಶ್‌ನ ಸಾಧಾರಣ ಎಸ್‌ಡಿ ವಾಹಿನಿಯ ಚಿತ್ರದಲ್ಲಿ ಮೇಲಿನಿಂದ ಕೆಳಗೆ ಇರುವುದು 576 ಸಾಲು ಮಾತ್ರ. ಅದನ್ನು 4ಕೆ ಟಿವಿ ತನ್ನ 2160 ಸಾಲುಗಳಿಗೆ ಹಿಗ್ಗಿಸುತ್ತದೆ. ನಡುವಿನ ಸಾಲುಗಳನ್ನು ಅಂದಾಜಿನಿಂದ ತುಂಬುತ್ತದೆ. ಚಿತ್ರದಲ್ಲಿ ಇಲ್ಲದ ವಿವರವನ್ನು ಯಾವ ಟಿವಿಯೂ ತಂದುಕೊಡಲಾರದು. ಈ 576 ಸಾಲು ಕಣ್ಣಿಗೆ ನುಣುಪಾಗಿ ಕಾಣಬೇಕಾದರೆ ಕರ್ಣದ ಮೂರು ಪಟ್ಟು ದೂರ ಬೇಕು.

ಲೆಕ್ಕ ಹಾಕಿ. 55 ಇಂಚಿಗೆ 138ರ ಮೂರು ಪಟ್ಟು, 414 ಸೆಂಟಿಮೀಟರ್. ಸೋಫಾವನ್ನು ಪಕ್ಕದ ಮನೆಯಲ್ಲಿ ಹಾಕಬೇಕಾಗುತ್ತದೆ. 43 ಇಂಚಿಗೂ 324 ಬೇಕು, ಅದೂ ಈ ಹಾಲ್‌ಗಿಂತ ಉದ್ದ. 220ರಿಂದ ಎಸ್‌ಡಿ ಚಿತ್ರ ನುಣುಪಾಗಿ ಕಾಣುವ ಪರದೆ 73 ಸೆಂಟಿಮೀಟರ್, ಅಂದರೆ 29 ಇಂಚಿನ ಆಜುಬಾಜು. ಹಳೆಯ ಡಬ್ಬಾ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಧಾರಾವಾಹಿ ಹೊಸ ದೊಡ್ಡ ಟಿವಿಯಲ್ಲಿ ಏಕೆ ಮಂಜುಮಂಜಾಯಿತು ಎಂಬ ದೂರಿಗೆ ಉತ್ತರ ಇದೇ. ಟಿವಿ ಕೆಟ್ಟಿಲ್ಲ, ಮೊದಲೂ ಚಿತ್ರ ಅಷ್ಟೇ ಇತ್ತು. ಈಗ ದೊಡ್ಡದಾಗಿ ಕಾಣುತ್ತಿದೆ.

ಪರೀಕ್ಷಿಸಲು ಸುದ್ದಿ ವಾಹಿನಿಯ ಕೆಳಗೆ ಓಡುವ ಸಾಲನ್ನು ನೋಡಿ. ಕನ್ನಡದ ಒತ್ತಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ‘ಸತ್ತ್ವ’, ‘ರಾಷ್ಟ್ರ’ದಂಥ ಪದಗಳಲ್ಲಿ ಕೆಳಗಿನ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತಿವೆಯೇ, ಕಲಸಿ ಮಸಿಯಂತಾಗಿವೆಯೇ? ಕುಳಿತ ಜಾಗದಿಂದ ಕಲಸಿದಂತೆ ಕಂಡರೆ ವಾಹಿನಿ ಎಸ್‌ಡಿಯದು, ಇಲ್ಲವೇ ಸೆಟ್‌ಟಾಪ್ ಬಾಕ್ಸ್ ಎಸ್‌ಡಿಯದು.

ಬಾಕ್ಸಿನ ಹಿಂಭಾಗ ತಿರುಗಿಸಿ ನೋಡಿ. ಕೆಂಪು, ಬಿಳಿ, ಹಳದಿ ಮೂರು ತಂತಿಗಳಲ್ಲಿ ಟಿವಿಗೆ ಸೇರಿಸಿದ್ದರೆ ಆ ಹಳದಿ ತಂತಿಯಲ್ಲಿ ಎಚ್‌ಡಿ ಚಿತ್ರ ಬರಲು ಸಾಧ್ಯವೇ ಇಲ್ಲ. ಎಚ್‌ಡಿ ಬಾಕ್ಸ್, ಎಚ್‌ಡಿಎಂಐ ತಂತಿ, ಎಚ್‌ಡಿ ವಾಹಿನಿಗಳಿರುವ ಪ್ಯಾಕ್, ಈ ಮೂರೂ ಒಟ್ಟಿಗೆ ಬೇಕು. ಒಂದು ಇಲ್ಲದಿದ್ದರೂ ಉಳಿದೆರಡು ದಂಡ. ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಚಿತ್ರವನ್ನು 1080ಕ್ಕೆ ಇಟ್ಟಿದ್ದೀರಾ ಎಂದೂ ನೋಡಿಕೊಳ್ಳಿ. ಒಟಿಟಿಯಲ್ಲೂ ಹೀಗೆಯೇ. ನೆಟ್‌ಫ್ಲಿಕ್ಸ್ 4ಕೆ ಚಿತ್ರವನ್ನು ಕೊಡುವುದು ತನ್ನ ಅತಿ ದುಬಾರಿ ಪ್ಲಾನಿನಲ್ಲಿ, ಅದಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಇರಲಿ ಎನ್ನುತ್ತದೆ.

ಈ ಹಾಲ್‌ಗೆ ನನ್ನ ತೀರ್ಪು ಹೀಗಿದೆ. ಮನೆಯಲ್ಲಿ ಸಂಜೆಯಿಂದ ರಾತ್ರಿಯವರೆಗೆ ಓಡುವುದು ಎಸ್‌ಡಿ ಧಾರಾವಾಹಿ ಮತ್ತು ಸುದ್ದಿ, ಬಾಕ್ಸ್ ಬದಲಿಸುವ ಯೋಚನೆಯೂ ಇಲ್ಲ ಎಂದಾದರೆ 43 ಇಂಚನ್ನು ದಾಟಬೇಡಿ, ಫುಲ್ ಎಚ್‌ಡಿ ಧಾರಾಳ ಸಾಕು. ಒಟಿಟಿ ಸಿನಿಮಾ, ಎಚ್‌ಡಿ ಕ್ರಿಕೆಟ್ ಹೆಚ್ಚಾಗಿದ್ದರೆ 55 ಇಂಚಿನ 4ಕೆ ಧೈರ್ಯವಾಗಿ ತನ್ನಿ, ಅಮ್ಮನನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು. ಎರಡೂ ಸಮಸಮ ಇದ್ದರೆ 50 ಇಂಚು ಕೆಟ್ಟ ರಾಜಿಯಲ್ಲ. 65 ಮಾತ್ರ ಇಲ್ಲಿಗೆ ಬೇಡ.

[ದೃಶ್ಯ: ಟಿವಿ ಅಂಗಡಿ. ಸಾಲಾಗಿ ಹೊಳೆಯುವ ಪರದೆಗಳು.]

ಅಂಗಡಿಗೆ ಹೋಗುವಾಗ ಟೇಪು ಜೇಬಿನಲ್ಲಿರಲಿ. ಅಲ್ಲಿ ಗಿಣಿ, ಹೂವು, ಸಮುದ್ರ ತೋರಿಸುವ ಚಿತ್ರಗಳು 4ಕೆಯಲ್ಲೇ ತಯಾರಾದವು, ಯಾವ ಟಿವಿಯೂ ಚೆಲುವಾಗಿಯೇ ಕಾಣುತ್ತದೆ. ಅವನ್ನು ನಿಲ್ಲಿಸಿ, ನಿಮ್ಮ ಮನೆಯಲ್ಲಿ ಓಡುವ ವಾಹಿನಿಯನ್ನೇ ಹಾಕಲು ಹೇಳಿ. 220 ಸೆಂಟಿಮೀಟರ್ ಅಳೆದು ಹಿಂದೆ ಸರಿದು ನಿಲ್ಲಿ. ಹಾಗೆಯೇ ಪಕ್ಕಕ್ಕೂ ಸರಿದು ನೋಡಿ. ಚಿಕ್ಕ ಹಾಲ್‌ನಲ್ಲಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತವರು ಪರದೆಯನ್ನು ಓರೆಯಿಂದಲೇ ನೋಡುತ್ತಾರೆ. ಅಲ್ಲಿಂದ ಕಪ್ಪು ಬೂದಿಬಣ್ಣಕ್ಕೆ ತಿರುಗಿ ಮುಖಗಳು ಸಪ್ಪೆಯಾದರೆ ಬೇರೆ ಮಾದರಿ ನೋಡಿ. ಪರದೆಯ ಬಗೆಗಳಲ್ಲಿ ಐಪಿಎಸ್ ಪ್ಯಾನೆಲ್ ಓರೆಯಿಂದ ಚೆನ್ನಾಗಿ ಕಾಣುತ್ತದೆ, ವಿಎ ಪ್ಯಾನೆಲ್ ನೇರವಾಗಿ ಕುಳಿತವರಿಗೆ ಕಡುಕಪ್ಪು ಕೊಡುತ್ತದೆ.

[ದೃಶ್ಯ: ಮತ್ತೆ ಹಾಲ್. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಗೋಡೆಗೆ ಹಚ್ಚುತ್ತಿದ್ದಾರೆ.]

ದುಡ್ಡು ಕೊಡುವ ಮೊದಲು ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 122 ಸೆಂಟಿಮೀಟರ್ ಅಗಲ, 69 ಎತ್ತರದ ಹಾಳೆ ಮಾಡಿಕೊಳ್ಳಿ. ಅದು 55 ಇಂಚು. 43 ಬೇಕಾದರೆ 95ಕ್ಕೆ 53. ಟಿವಿ ಬರುವ ಜಾಗದಲ್ಲಿ ಹಚ್ಚಿ ಎರಡು ದಿನ ಓಡಾಡಿ. ಹಾಳೆಯ ನಡುಭಾಗ ಸೋಫಾದಲ್ಲಿ ಕುಳಿತಾಗಿನ ಕಣ್ಣಿನ ಮಟ್ಟಕ್ಕೆ ಬರಲಿ. ಅದು ನೆಲದಿಂದ ಹೆಚ್ಚುಕಡಿಮೆ 105 ಸೆಂಟಿಮೀಟರ್. ದೇವರ ಪಟದಂತೆ ಮೇಲೆ ತೂಗಿಸಿದರೆ ಇಷ್ಟು ಹತ್ತಿರದಿಂದ ಕತ್ತು ನೋಯುವುದು ಖಂಡಿತ.

ಶೋಕೇಸಿನ ಗೂಡಿನೊಳಗೇ ಇಡುವುದಾದರೆ ಗೂಡಿನ ಒಳ ಅಗಲವನ್ನೂ ಅಳೆಯಿರಿ. ಮೂರೂವರೆ ಅಡಿಯ ಗೂಡು ಎಂದರೆ ಸುಮಾರು 107 ಸೆಂಟಿಮೀಟರ್, ಅದರಲ್ಲಿ 43 ಕೂರುತ್ತದೆ, 50 ಕೂರುವುದಿಲ್ಲ. ಬಹಳಷ್ಟು ಟಿವಿಗಳ ಎರಡು ಕಾಲುಗಳು ಎರಡು ತುದಿಗಳಲ್ಲಿ ಇರುತ್ತವೆ, ಹಾಗಾಗಿ ಮೇಜಿನ ಅಗಲ ಪರದೆಯ ಅಗಲದಷ್ಟೇ ಬೇಕಾದೀತು. ಕಾಲುಗಳ ನಡುವಿನ ಅಂತರ ಟಿವಿಯ ವಿವರಪಟ್ಟಿಯಲ್ಲಿ ಸಿಗುತ್ತದೆ. ಬಾಡಿಗೆ ಮನೆಯಾದರೆ ಗೋಡೆಗೆ ಡ್ರಿಲ್ ಹಾಕುವ ಮುನ್ನ ಮಾಲೀಕರನ್ನು ಒಂದು ಮಾತು ಕೇಳಿಬಿಡಿ.