ಒಂದು ಮಿಲಿಮೀಟರ್ ಗಾಳಿ, ನಾಲ್ಕು ಮೀಟರ್ ಕಬ್ಬಿಣ

ಈ ಕಬ್ಬಿಣದ ಚೌಕಟ್ಟನ್ನು ನೋಡಿ. ಕೋರ್‌ನ ನಡುಗೆರೆ ಹಿಡಿದು ಒಂದು ಸುತ್ತು ಅಳೆದರೆ 40 ಸೆಂಟಿಮೀಟರ್. ಅಡ್ಡಕೊಯ್ತ 2 ಸೆಂಟಿಮೀಟರ್‌ಗೆ 2, ಅಂದರೆ 4 ಚದರ ಸೆಂಟಿಮೀಟರ್. ಒಂದು ಕಡೆ 1 ಮಿಲಿಮೀಟರ್ ಏರ್ ಗ್ಯಾಪ್. ಕಾಯಿಲ್‌ನಲ್ಲಿ 500 ಸುತ್ತು, ಹರಿಯುತ್ತಿರುವುದು 1 ಆಂಪಿಯರ್. ಕೋರ್‌ನಲ್ಲಿ ಕಾಂತೀಯ ಫ್ಲಕ್ಸ್ ಎಷ್ಟು ಬರುತ್ತದೆ?

ಫ್ಲಕ್ಸ್‌ಗೆ ದಾರಿ ಒಡ್ಡುವ ತಡೆಯೇ ರಿಲಕ್ಟೆನ್ಸ್, ಅದರ ಸೂತ್ರ ಇದು:

R = l / (μ₀ μᵣ A)

l ಉದ್ದ, A ಅಡ್ಡಕೊಯ್ತದ ವಿಸ್ತೀರ್ಣ, μ₀ ನಿರ್ವಾತದ ಪರ್ಮಿಯಬಿಲಿಟಿ, ವಸ್ತುವಿನದು ಅದರ ಎಷ್ಟು ಪಟ್ಟು ಎಂಬುದೇ μᵣ. ಉದ್ದವನ್ನು ಮೀಟರ್‌ಗೆ, ವಿಸ್ತೀರ್ಣವನ್ನು ಚದರ ಮೀಟರ್‌ಗೆ ಮೊದಲೇ ಬದಲಿಸಿಕೊಳ್ಳಿ. ಹೆಚ್ಚಿನ ತಪ್ಪು ಆಗುವುದು ಅಲ್ಲೇ. ಈ ಕಬ್ಬಿಣದ μᵣ 4000 ಎಂದು ಹಿಡಿದರೆ ಕೋರ್‌ನ ರಿಲಕ್ಟೆನ್ಸ್ ಸುಮಾರು 2 ಲಕ್ಷ. ಗ್ಯಾಪ್‌ನದ್ದು ಸುಮಾರು 20 ಲಕ್ಷ! ಗಾಳಿಯ μᵣ ಬರೀ 1 ಆದ್ದರಿಂದ, ಆ 1 ಮಿಲಿಮೀಟರ್ ಗಾಳಿ ಇದೇ ದಪ್ಪದ 4 ಮೀಟರ್ ಕಬ್ಬಿಣಕ್ಕೆ ಸಮ.

ಎರಡೂ ಸರಣಿಯಲ್ಲಿವೆ, ಕೂಡಿದರೆ 22 ಲಕ್ಷ. 500 ಆಂಪಿಯರ್-ಸುತ್ತನ್ನು ಅದರಿಂದ ಭಾಗಿಸಿದರೆ ಫ್ಲಕ್ಸ್ 0.23 ಮಿಲಿವೆಬರ್.

ಆದರೆ ನಿಜವಾದ ಫ್ಲಕ್ಸ್ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಗ್ಯಾಪ್‌ನ ಅಂಚಿನಲ್ಲಿ ಬಲರೇಖೆಗಳು ಹೊರಕ್ಕೆ ಉಬ್ಬುತ್ತವೆ, ಇದಕ್ಕೆ ಫ್ರಿಂಜಿಂಗ್ ಎನ್ನುತ್ತಾರೆ. ಸಣ್ಣ ಗ್ಯಾಪ್‌ಗೆ ಒಂದು ಅಂದಾಜು ಸಾಕು: ಅಡ್ಡಕೊಯ್ತದ ಎರಡೂ ಅಳತೆಗೆ ಗ್ಯಾಪ್‌ನ ಉದ್ದವನ್ನು ಕೂಡಿಸಿ. 2.1 ಗುಣಿಸು 2.1, ಅಂದರೆ 4.41. ಗ್ಯಾಪ್‌ನ ರಿಲಕ್ಟೆನ್ಸ್ 18 ಲಕ್ಷಕ್ಕೆ ಇಳಿಯಿತು, ಒಟ್ಟು 20 ಲಕ್ಷ, ಫ್ಲಕ್ಸ್ 0.25 ಮಿಲಿವೆಬರ್.

ಇಲ್ಲಿಗೆ ನಿಲ್ಲಿಸಬೇಡಿ. ಫ್ಲಕ್ಸನ್ನು ಕೋರ್‌ನ ವಿಸ್ತೀರ್ಣದಿಂದ ಭಾಗಿಸಿ: 0.62 ಟೆಸ್ಲಾ. ಸಿಲಿಕಾನ್ ಸ್ಟೀಲ್‌ಗೆ ಇದು ಆರಾಮದ ಮಟ್ಟ. ಕರೆಂಟನ್ನು 3 ಆಂಪಿಯರ್‌ಗೆ ಏರಿಸಿದರೆ ಇದೇ ಲೆಕ್ಕ 1.87 ಟೆಸ್ಲಾ ಎನ್ನುತ್ತದೆ. ಅದನ್ನು ನಂಬಬಾರದು. ಸುಮಾರು 1.5 ಟೆಸ್ಲಾ ದಾಟಿದರೆ ಕಬ್ಬಿಣ ಸ್ಯಾಚುರೇಟ್ ಆಗತೊಡಗುತ್ತದೆ, μᵣ ಕುಸಿಯುತ್ತದೆ, 4000 ಎಂಬ ಊಹೆಯೇ ಬಿದ್ದುಹೋಗುತ್ತದೆ. ಆಗ ಕಾಂತಬಲಕ್ಕೆ ತಕ್ಕಂತೆ ಫ್ಲಕ್ಸ್ ಸಾಂದ್ರತೆ ಎಷ್ಟೆಂದು ತೋರಿಸುವ ಬಿ-ಎಚ್ ರೇಖೆ ಇಟ್ಟುಕೊಂಡು, ಬೇಕಾದ ಫ್ಲಕ್ಸ್‌ನಿಂದ ಹಿಂದಕ್ಕೆ ಆಂಪಿಯರ್-ಸುತ್ತು ಲೆಕ್ಕ ಹಾಕಬೇಕು.

ಸ್ಯಾಚುರೇಷನ್‌ಗಿಂತ ಕೆಳಗೆ ಮಾತ್ರ ಗ್ಯಾಪ್ ದೊಡ್ಡ ಉಪಕಾರ ಮಾಡುತ್ತದೆ. μᵣ 4000 ಇದ್ದದ್ದು 2000ಕ್ಕೆ ಇಳಿದರೂ ಒಟ್ಟು ರಿಲಕ್ಟೆನ್ಸ್ 20ರಿಂದ 22 ಲಕ್ಷಕ್ಕೆ ಏರುತ್ತದೆ, ಅಷ್ಟೇ. ಗ್ಯಾಪ್ ಇಲ್ಲದಿದ್ದರೆ ಫ್ಲಕ್ಸ್ ಅರ್ಧಕ್ಕೆ ಬೀಳುತ್ತಿತ್ತು.

ಲೆಕ್ಕ ಸರಿಯೇ ಎಂದು ನೋಡಲು ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಹಚ್ಚಿ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅಳೆಯಿರಿ. ಸುತ್ತುಗಳ ವರ್ಗವನ್ನು ರಿಲಕ್ಟೆನ್ಸ್‌ನಿಂದ ಭಾಗಿಸಿದರೆ ಇಂಡಕ್ಟೆನ್ಸ್, ನಮ್ಮದಕ್ಕೆ 0.125 ಹೆನ್ರಿ ಆಸುಪಾಸು ಬರಬೇಕು. 0.066 ತೋರಿಸಿದರೆ ಗ್ಯಾಪ್ ಎರಡು ಕಡೆ ಇದೆಯೇ ನೋಡಿ. ಎರಡು 'ಯು' ತುಂಡು ಜೋಡಿಸುವಾಗ ಎರಡೂ ಕಾಲಿಗೆ 1 ಮಿಲಿಮೀಟರ್ ಹಾಳೆ ಇಟ್ಟರೆ ಗ್ಯಾಪ್ ಒಟ್ಟು 2 ಮಿಲಿಮೀಟರ್ ಆಗುತ್ತದೆ. 1 ಬೇಕಿದ್ದರೆ ಪ್ರತಿ ಕಾಲಿಗೂ ಅರ್ಧ ಮಿಲಿಮೀಟರ್ ಹಾಳೆ ಇಡಿ.