ಡಕ್ಟಿನ ತಗಡು ದಾಟಿ ಬರುವ ಸದ್ದು: ಸೈಲೆನ್ಸರ್ ಎಲ್ಲಿ ಕೂರಬೇಕು?

[ದೃಶ್ಯ: ಅಂಧೇರಿಯ ಹಳೆಯ ಕೈಗಾರಿಕಾ ಕಟ್ಟಡದ ಮೂರನೆಯ ಮಹಡಿ. ಡಬ್ಬಿಂಗ್ ಕೋಣೆ, ಮೈಕ್, ಮೇಲೆ ಫಾಲ್ಸ್ ಸೀಲಿಂಗ್.]

ನಮಸ್ಕಾರ. ಏರ್‌ ಕಂಡೀಷನಿಂಗ್‌ನ ಗ್ರಿಲ್ ಬಳಿ ಸೈಲೆನ್ಸರ್, ಅಂದರೆ ಡಕ್ಟಿನೊಳಗಿನ ಸದ್ದು ಹೀರುವ ಪೆಟ್ಟಿಗೆ, ಹಾಕಿದ ಮೇಲೂ ಕೋಣೆಯಲ್ಲಿ ಗುಂಯ್ ಎನ್ನುವ ಸದ್ದು ಹೋಗದಿದ್ದರೆ ಏನರ್ಥ? ಹೆಚ್ಚಿನವರು ಇನ್ನೂ ಉದ್ದದ ಸೈಲೆನ್ಸರ್ ತರಿಸುತ್ತಾರೆ. ಈ ಸ್ಟುಡಿಯೋದಲ್ಲಿಯೂ ಹಾಗೆಯೇ ಆಯಿತು. ಮೊದಲು 1200 ಮಿಲಿಮೀಟರಿನದು, ಆಮೇಲೆ 1800ರದು. ಹಣ ಖರ್ಚಾಯಿತು, ಸದ್ದು ಮಾತ್ರ ಇದ್ದಷ್ಟೇ ಇತ್ತು.

ಮಾಲೀಕರು ಉಡುಪಿ ಕಡೆಯವರು. ಗುತ್ತಿಗೆದಾರ ಮೊಬೈಲಿನಲ್ಲಿ ಅಳೆದು, "ಶೆಟ್ಟರೇ, 41 ಡೆಸಿಬೆಲ್ ಅಷ್ಟೇ, ಆಫೀಸಿಗಿಂತ ಕಡಿಮೆ" ಎಂದು ಹೇಳಿ ಹೋಗಿದ್ದ. ಆ 41 ಎಂಬುದು ಎ-ತೂಕದ ಅಂಕಿ. ನಮ್ಮ ಕಿವಿ ಮಂದ್ರ ಸದ್ದಿಗೆ ಮಂದವಾದ್ದರಿಂದ ಆ ಅಳತೆ 125 ಹರ್ಟ್ಸ್‌ನಲ್ಲಿ ಸುಮಾರು 16 ಡೆಸಿಬೆಲ್ ಕಳೆದು ತೋರಿಸುತ್ತದೆ. ಮೈಕಿಗೆ ಆ ರಿಯಾಯಿತಿ ಗೊತ್ತಿಲ್ಲ. ಆಕ್ಟೇವ್ ಪಟ್ಟಿಗಳಲ್ಲಿ ಬಿಡಿಸಿ ಅಳೆದಾಗ 125 ಹರ್ಟ್ಸ್‌ನಲ್ಲಿ 55 ಇತ್ತು. ಇಂಥ ಕೋಣೆಗೆ ನಾವು ಇಟ್ಟುಕೊಳ್ಳುವ ಗುರಿ, ಪ್ರತಿ ಪಟ್ಟಿಯಲ್ಲಿ ಹಿನ್ನೆಲೆ ಸದ್ದು ಎಷ್ಟಿರಬಹುದು ಎಂದು ಹೇಳುವ ರೇಖೆಗಳಲ್ಲೊಂದಾದ ಎನ್‌ಸಿ-20. ಆ ರೇಖೆ 125 ಹರ್ಟ್ಸ್‌ನಲ್ಲಿ ಒಪ್ಪುವುದು 40 ಮಾತ್ರ.

[ದೃಶ್ಯ: ಪ್ಲೈವುಡ್ ಹಲಗೆಯಿಂದ ಗ್ರಿಲ್ ಮುಚ್ಚುವುದು, ಅಂಚಿಗೆ ಟೇಪ್.]

ಮೊದಲು ಮಾಡಬೇಕಾದ ಪರೀಕ್ಷೆಗೆ ಕಾಸು ಖರ್ಚಿಲ್ಲ. ಫ್ಯಾನ್ ಓಡುತ್ತಿರಲಿ. ಗ್ರಿಲ್‌ಗಳನ್ನೆಲ್ಲ ದಪ್ಪ ಪ್ಲೈವುಡ್ಡಿನಿಂದ ಮುಚ್ಚಿ, ಸಂದಿಗಳನ್ನು ಬಿಗಿದು ಮತ್ತೆ ಅಳೆಯಿರಿ. ಸದ್ದು ಗ್ರಿಲ್ ಮೂಲಕ ಬರುತ್ತಿದ್ದರೆ ಗಮನಾರ್ಹವಾಗಿ ಇಳಿಯಬೇಕು. ಇಲ್ಲಿ 55 ಇದ್ದದ್ದು 54 ಆಯಿತು. ಅಂದರೆ ಸದ್ದಿನ ದಾರಿ ಗ್ರಿಲ್ ಅಲ್ಲ. ಸೀಲಿಂಗಿನ ಒಂದು ಹಲಗೆ ತೆಗೆದು ನೋಡಿದಾಗ ದಾರಿ ಕಣ್ಣಿಗೇ ಕಂಡಿತು.

[ದೃಶ್ಯ: ಸೀಲಿಂಗಿನ ಮೇಲೆ ಆಯತಾಕಾರದ ತಗಡಿನ ಡಕ್ಟ್.]

ಇಡೀ ಮಹಡಿಗೆ ಗಾಳಿ ಒಯ್ಯುವ ಮುಖ್ಯ ಡಕ್ಟ್ ಡಬ್ಬಿಂಗ್ ಕೋಣೆಯ ನೆತ್ತಿಯ ಮೇಲೇ ಹಾದುಹೋಗಿದೆ. 600 ಮಿಲಿಮೀಟರ್ ಅಗಲ, 400 ಎತ್ತರ, 24 ಗೇಜ್ ತಗಡು, ಕೋಣೆಯ ಮೇಲೆ 6 ಮೀಟರ್ ಉದ್ದ. ಸೈಲೆನ್ಸರ್ ಇದ್ದದ್ದು ಇದರಿಂದ ಕವಲೊಡೆದು ಕೋಣೆಗೆ ಇಳಿಯುವ ಚಿಕ್ಕ ಡಕ್ಟಿನಲ್ಲಿ. ಫ್ಯಾನಿನ ಸದ್ದು ಅಲ್ಲಿಗೆ ತಲುಪುವ ಮೊದಲೇ ಮುಖ್ಯ ಡಕ್ಟಿನ ತಗಡನ್ನು ದಾಟಿ ಹೊರಬರುತ್ತಿತ್ತು. ಇದನ್ನೇ ಬ್ರೇಕ್‌ಔಟ್ ಎನ್ನುತ್ತೇವೆ.

ಎಷ್ಟು ಹೊರಬರುತ್ತದೆ? ಲೆಕ್ಕ ಇಷ್ಟೇ:

```
Lw(out) = Lw(in) + 10 log(S/A) − TL
```

Lw(in) ಎಂದರೆ ಡಕ್ಟಿನೊಳಗಿನ ಸದ್ದಿನ ಶಕ್ತಿ, Lw(out) ಎಂದರೆ ತಗಡು ದಾಟಿ ಹೊರಬರುವುದು, ಎರಡೂ ಡೆಸಿಬೆಲ್‌ನಲ್ಲಿ. S ಎಂದರೆ ಡಕ್ಟಿನ ಹೊರಮೈ: 2 ಮೀಟರ್ ಸುತ್ತಳತೆ, 6 ಮೀಟರ್ ಉದ್ದ, ಒಟ್ಟು 12 ಚದರ ಮೀಟರ್. A ಎಂದರೆ ಅಡ್ಡಕೊಯ್ತದ ವಿಸ್ತೀರ್ಣ, 0.24 ಚದರ ಮೀಟರ್. ಹೊರಮೈ ಅದರ 50 ಪಟ್ಟು, ಆದ್ದರಿಂದ 17 ಡೆಸಿಬೆಲ್ ಕೂಡಿಕೊಳ್ಳುತ್ತದೆ. TL ಎಂದರೆ ತಗಡು ತಡೆಯುವ ಪ್ರಮಾಣ. ಈ ಗಾತ್ರದ ಡಕ್ಟಿಗೆ 125 ಹರ್ಟ್ಸ್‌ನಲ್ಲಿ ಅದು ಸುಮಾರು 22. ಹದಿನೇಳು ಕೂಡಿ ಇಪ್ಪತ್ತೆರಡು ಕಳೆದರೆ ಉಳಿಯುವ ವ್ಯತ್ಯಾಸ ಬರೀ 5. ಒಳಗೆ 76 ಇದ್ದರೆ ಹೊರಗೆ 71! ಸದ್ದು ಮುಂದೆ ಹೋದಂತೆ ಕುಗ್ಗುವುದನ್ನು ಈ ಸೂತ್ರ ಲೆಕ್ಕಿಸುವುದಿಲ್ಲ, ಹಾಗಾಗಿ ತುಸು ಹೆಚ್ಚೇ ತೋರಿಸುತ್ತದೆ. ಸೀಲಿಂಗ್ ಮತ್ತು ಕೋಣೆ ಸೇರಿ 14ರಷ್ಟು ಕುಗ್ಗಿಸುತ್ತವೆ ಎಂದು ಹಿಡಿದರೆ 57. ಅಳೆದದ್ದು 55. ಲೆಕ್ಕ ದಾರಿ ತಪ್ಪಿಲ್ಲ.

ಆಯತದ ಡಕ್ಟಿನ ಚಪ್ಪಟೆ ತಗಡು ತಮಟೆಯ ಚರ್ಮದಂತೆ ಒಳಹೊರಗೆ ಬಾಗುತ್ತದೆ, ಮಂದ್ರ ಸದ್ದನ್ನು ಬಿಟ್ಟುಕೊಡುತ್ತದೆ. ದುಂಡನೆಯ ಸ್ಪೈರಲ್ ಡಕ್ಟ್ ಹಾಗೆ ಸುಲಭವಾಗಿ ಬಾಗುವುದಿಲ್ಲ, ಮಂದ್ರದಲ್ಲಿ ಅದು ಬಹಳ ಹೆಚ್ಚು ತಡೆಯುತ್ತದೆ. ಆದರೆ ಮುಂಬೈಯ ಹಳೆಯ ಕಟ್ಟಡಗಳಲ್ಲಿ ತೊಲೆಯ ಕೆಳಗೆ ಉಳಿಯುವ ಜಾಗದಲ್ಲಿ ಅಷ್ಟೇ ಗಾಳಿ ಒಯ್ಯುವ ದುಂಡು ಡಕ್ಟ್ ಹಿಡಿಸುವುದೇ ಅಪರೂಪ.

[ದೃಶ್ಯ: ನಕ್ಷೆ. ಯಂತ್ರಕೋಣೆಯ ಗೋಡೆಯನ್ನು ದಾಟುವ ಡಕ್ಟ್.]

ಹಾಗಾದರೆ ಸೈಲೆನ್ಸರ್ ಎಲ್ಲಿರಬೇಕು? ಫ್ಯಾನ್ ಇರುವ ಯಂತ್ರಕೋಣೆಯ ಗೋಡೆಯಲ್ಲಿ. ಡಕ್ಟ್ ಮೌನ ಬೇಕಾದ ಕಡೆಗೆ ಕಾಲಿಡುವ ಮೊದಲೇ ಅದರೊಳಗಿನ ಸದ್ದು ಕುಗ್ಗಿರಬೇಕು. ಗೋಡೆಯಿಂದ ಹಿಂದೆ, ಯಂತ್ರಕೋಣೆಯ ನಡುವೆಯೇ ಇಟ್ಟರೆ ಇನ್ನೊಂದು ತೊಂದರೆ: ಸೈಲೆನ್ಸರ್ ದಾಟಿದ ಡಕ್ಟಿನೊಳಕ್ಕೆ ಯಂತ್ರಕೋಣೆಯ ಸದ್ದೇ ತಗಡಿನ ಮೂಲಕ ನುಗ್ಗುತ್ತದೆ. ಗೋಡೆಯ ತೂತಿನ ಸುತ್ತ ಉಳಿಯುವ ಸಂದಿಗೆ ರಾಕ್‌ವೂಲ್ ತುರುಕಿ, ಎರಡೂ ಬದಿ ಸೀಲಂಟ್ ಹಚ್ಚಬೇಕು. ಹಳದಿ ಪಿಯು ಫೋಮ್ ಚಿಮ್ಮಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಅದು ತೀರಾ ಹಗುರ.

ಆಯ್ಕೆಯಲ್ಲಿ ಎಡವುವುದು ಹೆಚ್ಚಾಗಿ ವೇಗದಲ್ಲಿ. ಇಲ್ಲಿ ಗಾಳಿ 3000 ಸಿಎಫ್‌ಎಂ, ಅಂದರೆ ಸೆಕೆಂಡಿಗೆ 1.4 ಘನ ಮೀಟರ್. ಡಕ್ಟಿನ ಅಳತೆಗೇ ಸೈಲೆನ್ಸರ್ ಮಾಡಿಸಿದರೆ ವೇಗ ಸುಮಾರು 6 ಮೀಟರ್. ಒಳಗಿನ ಹೀರುಪಟ್ಟಿಗಳು ಅರ್ಧ ಜಾಗ ತಿಂದರೆ ನಡುವಿನ ದಾರಿಯಲ್ಲಿ 12. ಆಗ ಸೈಲೆನ್ಸರ್ ತಾನೇ ಸದ್ದು ಮಾಡತೊಡಗುತ್ತದೆ. ವೇಗ ಇಮ್ಮಡಿಯಾದರೆ ಆ ಸದ್ದು 15ರಿಂದ 18 ಡೆಸಿಬೆಲ್ ಏರುತ್ತದೆ. ಒತ್ತಡ ನಷ್ಟವೂ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಫ್ಯಾನಿನ ವೇಗ ಶೇಕಡಾ 10 ಏರಿಸಿದರೆ ಫ್ಯಾನ್ ಸದ್ದೂ 2 ಡೆಸಿಬೆಲ್ ಹೆಚ್ಚು. ಅದಕ್ಕೇ 900ಕ್ಕೆ 600ರ ಪೆಟ್ಟಿಗೆ ಆರಿಸಿದೆವು. ನಡುವಿನ ವೇಗ 5ರ ಆಸುಪಾಸಿಗೆ ಬಂತು. 600ರಿಂದ 900ಕ್ಕೆ ಒಮ್ಮೆಗೇ ಅಗಲಿಸದೆ, ಅರ್ಧ ಮೀಟರಿಗಿಂತ ಹೆಚ್ಚು ಉದ್ದದಲ್ಲಿ ನಿಧಾನವಾಗಿ ಅಗಲಿಸಿದೆವು.

ಇನ್ನು ಕ್ಯಾಟಲಾಗ್. ಸದ್ದು ಇಳಿಸುವ ಅಂಕಿಗಳಲ್ಲಿ 1000 ಹರ್ಟ್ಸ್‌ನದು ಯಾವಾಗಲೂ ಆಕರ್ಷಕವಾಗಿರುತ್ತದೆ. ನಮ್ಮ ಗೋಳು 125ರದು, ಆದ್ದರಿಂದ ಆ ಕಾಲಂ ಮಾತ್ರ ನೋಡಿ. ಅದೂ ಗಾಳಿ ಹರಿಯುವಾಗ ಅಳೆದ ಅಂಕಿಯಾಗಿರಲಿ. 200 ಮಿಲಿಮೀಟರ್ ದಪ್ಪದ ಹೀರುಪಟ್ಟಿಗಳಿರುವ 2100 ಉದ್ದದ ಮಾದರಿಗೆ ಅಲ್ಲಿ 15 ಇತ್ತು. ಐವತ್ತೈದರಲ್ಲಿ ಹದಿನೈದು ಕಳೆದರೆ ಸರಿಯಾಗಿ 40. ಗುರಿ ಮುಟ್ಟಿತು, ಆದರೆ ಕೈಯಲ್ಲಿ ಏನೂ ಉಳಿಯಲಿಲ್ಲ.

[ದೃಶ್ಯ: ಡಕ್ಟಿನ ಸುತ್ತ ಜಿಪ್ಸಮ್ ಪೆಟ್ಟಿಗೆ, ಅಡ್ಡಕೊಯ್ತ.]

ಉಳಿಕೆಗಾಗಿ ಡಕ್ಟನ್ನು ಮುಚ್ಚಬೇಕು. ಇಲ್ಲಿ ಗುತ್ತಿಗೆದಾರ ಹೇಳಿದ್ದು: ಗ್ಲಾಸ್‌ ವೂಲ್ ಸುತ್ತಿ ಮೇಲೆ ಫಾಯಿಲ್ ಹಾಕೋಣ. ಅದು ತಂಪು ಕಾಯುವ ಹೊದಿಕೆ. ಮಂದ್ರ ಸದ್ದಿಗೆ ಬೇಕಾದದ್ದು ತೂಕ. ಸರಿ, 50 ಮಿಲಿಮೀಟರ್ ವೂಲ್ ಮೇಲೆ ಒಂದು ಜಿಪ್ಸಮ್ ಬೋರ್ಡ್ ಬಡಿದರೆ? ಅದು ಇನ್ನೂ ಅಪಾಯ. ತಗಡು, ನಡುವಿನ ಗಾಳಿ, ಬೋರ್ಡ್ ಮೂರೂ ಸೇರಿ ಸ್ಪ್ರಿಂಗಿನ ಎರಡು ತುದಿಗೆ ಕಟ್ಟಿದ ತೂಕಗಳಂತೆ ಅನುರಣಿಸುತ್ತವೆ, ಈ ಅಳತೆಗೆ ಆ ಅನುರಣನ ಬೀಳುವುದು 125ರಿಂದ 150 ಹರ್ಟ್ಸ್ ನಡುವೆ. ಕಾಡುತ್ತಿರುವ ಪಟ್ಟಿಯಲ್ಲೇ ಪ್ರಯೋಜನ ಸೊನ್ನೆ, ಕೆಲವೊಮ್ಮೆ ಸದ್ದು ಹೆಚ್ಚುತ್ತದೆ ಕೂಡ. ಅಂತರವನ್ನು 150ಕ್ಕೆ ಏರಿಸಿ, ಬೋರ್ಡ್ ಎರಡು ಪದರ ಮಾಡಿದರೆ ಅನುರಣನ 75 ಹರ್ಟ್ಸ್ ಅಥವಾ ಅದಕ್ಕೂ ಕೆಳಗೆ ಜಾರುತ್ತದೆ, 125ರಲ್ಲಿ ಪೆಟ್ಟಿಗೆ ಕೆಲಸ ಮಾಡತೊಡಗುತ್ತದೆ. ಬೋರ್ಡಿನ ಚೌಕಟ್ಟನ್ನು ಡಕ್ಟಿಗೆ ಸಿಕ್ಕಿಸದೆ, ಸ್ಲ್ಯಾಬಿಗೆ ಬೇರೆ ತೂಗುಕಡ್ಡಿಗಳಿಂದ ತೂಗಿಸಬೇಕು.

ನಮ್ಮಲ್ಲಿ ತೊಲೆಯ ಕೆಳಗೆ 150 ಸಿಗಲಿಲ್ಲ, ಅಲ್ಲಿ 100ಕ್ಕೆ ಒಪ್ಪಿಕೊಂಡೆವು. ಆ ಭಾಗದ ಲಾಭ ಅಷ್ಟಕ್ಕಷ್ಟೇ. ಎಲ್ಲ ಮುಗಿದು, ಗಾಳಿಯ ಪ್ರಮಾಣ ಮತ್ತೆ 3000ಕ್ಕೆ ಹೊಂದಿಸಿ, ಅದೇ ಮೈಕಿನ ಜಾಗದಲ್ಲಿ ಅಳೆದಾಗ 125 ಹರ್ಟ್ಸ್‌ನಲ್ಲಿ 37 ಬಂತು. ಗಾಳಿ ಹೊಂದಿಸುವ ಮೊದಲು ಅಳೆಯಬೇಡಿ. ಫ್ಯಾನ್ ನಿಧಾನ ಓಡುವಾಗ ಯಾವ ಸೈಲೆನ್ಸರ್ ಆದರೂ ಪಾಸಾಗುತ್ತದೆ.