ಸೊನ್ನೆ ಒಳಗಿದ್ದರೆ ಏನರ್ಥ?

ಕೇಳುಗರೇ, ನಮಸ್ಕಾರ. ಹತ್ತು ಜನರ ನಿದ್ದೆಯ ಲೆಕ್ಕವೊಂದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಡಬ್ಲಿನ್ನಿನ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಬರೆದ ಲೇಖನದಲ್ಲಿ ಬಳಸಿಕೊಂಡ ಅಂಕಿಗಳಿವು. ಹತ್ತು ರೋಗಿಗಳಿಗೆ ಎರಡು ನಿದ್ದೆಮದ್ದು ಕೊಟ್ಟು, ಯಾವುದರಿಂದ ನಿದ್ದೆ ಎಷ್ಟು ಹೆಚ್ಚಿತು ಎಂದು ಅಳೆದಿದ್ದರು.

ಮೊದಲ ಮದ್ದಿನಿಂದ ಸರಾಸರಿ ಮುಕ್ಕಾಲು ಗಂಟೆ ಹೆಚ್ಚು ನಿದ್ದೆ ಬಂತು, ಎರಡನೆಯದರಿಂದ 2 ಗಂಟೆ 20 ನಿಮಿಷ. ವ್ಯತ್ಯಾಸ ಸುಮಾರು 95 ನಿಮಿಷ. ಆದರೆ ಇದು ಹತ್ತೇ ಜನರ ಮಾತು. ಇಂಥ ರೋಗಿಗಳೆಲ್ಲರಿಗೂ ಕೊಟ್ಟರೆ ವ್ಯತ್ಯಾಸ ಎಷ್ಟಿದ್ದೀತು?

ಒಂದೊಂದು ಮದ್ದಿಗೂ ಹತ್ತು ಜನರ ಒಂದೊಂದು ಗುಂಪು, ಎರಡು ಗುಂಪುಗಳಲ್ಲೂ ಬೇರೆ ಬೇರೆ ಜನರಿದ್ದರು ಎಂದೇ ಸದ್ಯಕ್ಕೆ ಇಟ್ಟುಕೊಳ್ಳೋಣ. ಪ್ರತಿ ಗುಂಪಿನ ಏರಿಳಿತದ ಅಳತೆಯಾದ ವೇರಿಯನ್ಸನ್ನು ಹತ್ತರಿಂದ ಭಾಗಿಸಿ, ಎರಡನ್ನೂ ಕೂಡಿಸಿ, ವರ್ಗಮೂಲ ತೆಗೆದರೆ 51 ನಿಮಿಷ ಸಿಗುತ್ತದೆ. ಇದು ನಮ್ಮ 95 ನಿಮಿಷದ ಸ್ಟ್ಯಾಂಡರ್ಡ್ ಎರರ್, ಅಂದರೆ ಪ್ರಯೋಗವನ್ನು ಮತ್ತೆ ಮಾಡಿದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಎಷ್ಟು ಆಚೀಚೆ ಆದೀತು ಎಂಬುದರ ಅಳತೆ. ಇಷ್ಟು ಚಿಕ್ಕ ಗುಂಪುಗಳಿಗೆ ಅದನ್ನು 2.1ರಿಂದ ಗುಣಿಸಬೇಕು, 107 ನಿಮಿಷ. 95ರಿಂದ ಅಷ್ಟು ಕಳೆದು, ಅಷ್ಟೇ ಕೂಡಿಸಿದರೆ ಶೇಕಡ 95ರ ಕಾನ್ಫಿಡೆನ್ಸ್ ಇಂಟರ್ವಲ್ ಸಿದ್ಧ: ಮೈನಸ್ 12 ನಿಮಿಷದಿಂದ 3 ಗಂಟೆ 22 ನಿಮಿಷದವರೆಗೆ. ಇದೇ ಬಗೆಯ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಹೀಗೇ ಲೆಕ್ಕ ಹಾಕುತ್ತ ಹೋದರೆ, ನೂರರಲ್ಲಿ ಸುಮಾರು 95 ಸಲ ನಿಜವಾದ ವ್ಯತ್ಯಾಸ ಇಂಟರ್ವಲ್ಲಿನೊಳಗೆ ಸಿಕ್ಕುತ್ತದೆ.

ಈ ಇಂಟರ್ವಲ್ಲಿನಲ್ಲಿ ಸೊನ್ನೆಯೂ ಇದೆ. ಇಲ್ಲೇ ಬಹಳ ಜನ ಎಡವುವುದು: "ಸೊನ್ನೆ ಇದೆ, ಅಂದಮೇಲೆ ಎರಡೂ ಮದ್ದು ಒಂದೇ" ಎಂದುಬಿಡುತ್ತಾರೆ. ಅದು ತಪ್ಪು. ವ್ಯತ್ಯಾಸವೇ ಇಲ್ಲ ಎಂಬುದನ್ನು ಈ ಅಂಕಿಗಳು ತಳ್ಳಿಹಾಕಿಲ್ಲ, ಅಷ್ಟೆ. ಮೂರು ಗಂಟೆಯ ವ್ಯತ್ಯಾಸವನ್ನೂ ತಳ್ಳಿಹಾಕಿಲ್ಲವಲ್ಲ! ಮೈನಸ್ 5 ನಿಮಿಷದಿಂದ ಪ್ಲಸ್ 5 ನಿಮಿಷದೊಳಗೆ ಬಂದಿದ್ದರೆ ಮಾತು ಬೇರೆ; ಆಗ ಎರಡೂ ಹೆಚ್ಚುಕಡಿಮೆ ಒಂದೇ ಎನ್ನಬಹುದಿತ್ತು. ಹಾಗಾಗಿ ಸೊನ್ನೆಯೊಂದನ್ನೇ ಹುಡುಕದೆ, ಎರಡೂ ತುದಿಗಳನ್ನು ಓದಬೇಕು.

ಈಗ ಪಟ್ಟಿಯನ್ನೇ ಹತ್ತಿರದಿಂದ ನೋಡೋಣ. ಎರಡನೇ ರೋಗಿಗೆ ಮೊದಲ ಮದ್ದಿನಿಂದ ನಿದ್ದೆ 1.6 ಗಂಟೆ ಕಡಿಮೆಯಾಯಿತು, ಇನ್ನೊಂದರಿಂದ 0.8 ಗಂಟೆ ಹೆಚ್ಚಿತು. ಏಳನೆಯವರಿಗೆ ಮೊದಲನೆಯದರಿಂದ 3.7 ಗಂಟೆ, ಎರಡನೆಯದರಿಂದ 5.5 ಗಂಟೆ ಹೆಚ್ಚು. ಹತ್ತರಲ್ಲಿ ಒಂಬತ್ತು ಜನರಿಗೆ ಎರಡನೆಯದೇ ಮೇಲು. ಒಬ್ಬರಿಗೆ ಮಾತ್ರ ಎರಡೂ ಸಮ. ಎರಡೂ ಮದ್ದು ತೆಗೆದುಕೊಂಡವರು ಅದೇ ಹತ್ತು ಜನ! ಮನುಷ್ಯರಿಂದ ಮನುಷ್ಯರಿಗೆ ನಿದ್ದೆಯಲ್ಲಿರುವ ದೊಡ್ಡ ಅಂತರವನ್ನು ನಮ್ಮ ಲೆಕ್ಕ ಮದ್ದಿನ ತಲೆಗೆ ಕಟ್ಟಿತ್ತು.

ಗಾಸೆಟ್ ಮಾಡಿದಂತೆ ಪ್ರತಿ ರೋಗಿಯ ಎರಡು ಅಳತೆಗಳ ವ್ಯತ್ಯಾಸವನ್ನೇ ಹಿಡಿದರೆ ಸ್ಟ್ಯಾಂಡರ್ಡ್ ಎರರ್ 51ರಿಂದ 23 ನಿಮಿಷಕ್ಕೆ ಇಳಿಯುತ್ತದೆ. ಇಂಟರ್ವಲ್ ಈಗ 42 ನಿಮಿಷದಿಂದ 2 ಗಂಟೆ 28 ನಿಮಿಷ. ಸರಾಸರಿ ವ್ಯತ್ಯಾಸ ಅದೇ 95 ನಿಮಿಷ, ಸೊನ್ನೆ ಮಾತ್ರ ಹೊರಗೆ.

ಆದರೆ ಸೊನ್ನೆಯನ್ನು ಹೊರಗಟ್ಟಲೆಂದು ಜೋಡಿ ಲೆಕ್ಕ ಹಿಡಿಯುವಂತಿಲ್ಲ. ಅಳೆದದ್ದು ಅದೇ ಜನರನ್ನೋ, ಬೇರೆಯವರನ್ನೋ ಎಂಬುದರ ಮೇಲೆ ಅದು ಮೊದಲೇ ತೀರ್ಮಾನವಾಗಿರುತ್ತದೆ.